ನೀರಿನಲ್ಲಿ ಮಲಗಿದ ಕಲ್ಲು

ಸಾಕ್ಷ್ಯಚಿತ್ರಕ್ಕೆ ಒಪ್ಪಿಗೆ ಕೊಡುವ ಮೊದಲು ಮುದುಕ ಗಾಸ್ಪಾರ್ ದೊಜೊಲ್ಮ್ ಒಂದೇ ಒಂದು ಷರತ್ತು ಹಾಕಿದ.

"ಆ ಕೊನೇ ದೃಶ್ಯ ಕೊನೇಲೇ ಇರಬೇಕು. ಅದಾದ್ಮೇಲೆ ನನ್ನ ಕಲ್ಲು ತಿರುಗೋದಿಲ್ಲ. ತಿಳೀತಾ ಮಗು?"

"ತಿಳೀತು, ಮೊಸ್ಯೊ ದೊಜೊಲ್ಮ್. ಅದು ಕೊನೇದೇ," ಎಂದಳು ಸಿಡೊನಿ.

ಅವಳು ಹೇಳಿದ್ದು ನಿಜವಾಗಿತ್ತು. ಅವಳ ಮುಂದಿದ್ದ ಹಾಳೆಗಳಲ್ಲಿ ಆ ದೃಶ್ಯ ಕಟ್ಟಕಡೆಯ ಸಾಲಿನಲ್ಲೇ ಇತ್ತು. ಆದರೂ ಆ ಮಾತಿನಲ್ಲಿ ಒಂದು ಬಿರುಕಿತ್ತು; ತಿಯೇರ್ ಪಟ್ಟಣದ ಆ ಬೆಚ್ಚಗಿನ ಅಡುಗೆಮನೆಯಲ್ಲಿ ಕುಳಿತಿದ್ದ ಮೂವರಲ್ಲಿ ಯಾರಿಗೂ ಅದು ಕಾಣಲಿಲ್ಲ.

ಸಿಡೊನಿ ಬ್ರೆಶೆ ಪ್ರಾಂತೀಯ ಟೆಲಿವಿಷನ್ನಿನ ಸಾಕ್ಷ್ಯಚಿತ್ರಗಳಿಗೆ ನಿರೂಪಣೆಯ ರೂಪುರೇಷೆ ಬರೆಯುವವಳು. ಹಾಳೆಯ ನಡುವೆ ಒಂದು ಗೆರೆ. ಎಡಕ್ಕೆ ಕಾಣುವುದು, ಬಲಕ್ಕೆ ಕೇಳುವುದು. ಎಡಗಡೆ ಬರುವ ಚಿತ್ರ ಮೂರು ಬಗೆಯದು: ಸಂದರ್ಶನದಲ್ಲಿ ಮಾತನಾಡುತ್ತಿರುವ ಮುಖ, ಹಳೆಯ ದಾಖಲೆಯ ರೀಲು, ಇಲ್ಲವೇ ಈಗ ಅಭಿನಯಿಸಿ ತೆಗೆದ ಮರುಸೃಷ್ಟಿ. ಬಲಗಡೆ ಸಂದರ್ಶನದಿಂದ ಆಯ್ದ ಮಾತಿನ ತುಣುಕು, ಅದರ ಮೊದಲ ಪದ, ಕೊನೆಯ ಪದ, ಮುದ್ರಿಕೆಯಲ್ಲಿ ಅದು ಸಿಗುವ ಜಾಗ. ತುಣುಕು ತುಣುಕಿನ ನಡುವೆ ಉಳಿಯುವ ಸಂದಿಗೆ ಮಾತ್ರ ನಿರೂಪಣೆ. ಚಿತ್ರ ತಾನೇ ಹೇಳುವುದನ್ನು ನಿರೂಪಕ ಹೇಳಕೂಡದು ಎಂಬುದು ಅವಳು ಇಪ್ಪತ್ತು ವರ್ಷಗಳಿಂದ ಪಾಲಿಸಿಕೊಂಡು ಬಂದ ನೇಮ.

ಈ ಸಲದ ವಿಷಯ ಡ್ಯುರೊಲ್ ಹೊಳೆಯ ಕಮರಿಯ ಸಾಣೆಗಾರರು. ಹೊಳೆಯ ನೀರಿನಿಂದ ತಿರುಗುವ ಮರಳುಗಲ್ಲಿನ ದೊಡ್ಡ ಚಕ್ರ. ಅದರ ಮೇಲೆ ಓರೆಯಾಗಿ ಚಾಚಿದ ಹಲಗೆ. ಹಲಗೆಯ ಮೇಲೆ ಹೊಟ್ಟೆ ಊರಿ ಮಲಗಿದ ಮನುಷ್ಯ. ಮೈಯ ಭಾರವನ್ನೆಲ್ಲ ಎರಡು ಕೈಗಳಿಗೆ ಇಳಿಸಿ ಅವನು ಚಾಕುವಿನ ಅಲಗನ್ನು ಕಲ್ಲಿಗೆ ಒತ್ತುತ್ತಾನೆ. ಮುಖಕ್ಕೂ ತಿರುಗುವ ಕಲ್ಲಿಗೂ ಗೇಣಿನ ಅಂತರ. ಚಳಿಗಾಲದಲ್ಲಿ ಕಾಲು ಮರಗಟ್ಟದಿರಲೆಂದು ಅವನ ಮೊಣಕಾಲಿನ ಹಿಂದೆ ನಾಯಿ ಮಲಗುತ್ತದೆ. ಹಿಂದೆ ಕಮರಿಯುದ್ದಕ್ಕೂ ಇಂಥ ಸಾಣೆಮನೆಗಳಿದ್ದವು. ಈಗ ಮರಳುಗಲ್ಲು ಇದ್ದದ್ದು ಒಂದೇ ಮನೆಯಲ್ಲಿ, ಅದರ ಮೇಲೆ ಮಲಗಬಲ್ಲವನಿದ್ದದ್ದು ಒಬ್ಬನೇ, ಗಾಸ್ಪಾರ್.

"ಅಜ್ಜನ ಸಾವಿನ ದೃಶ್ಯಕ್ಕೆ ಅಜ್ಜನ ಪಾತ್ರ ನೀನೇ ಮಾಡ್ತೀಯಾ? ಎಂಬತ್ತು ದಾಟಿದೋನು ನಲವತ್ತರೋನ ಥರ?" ಎಂದಳು ಮಗಳು ಅರ್ಲೆಟ್, ಬಾಣಲೆಯಲ್ಲಿ ಆಲೂಗಡ್ಡೆಯನ್ನು ಮಗುಚಿ ಹಾಕುತ್ತ. "ಸಿನಿಮಾದೋರಿಗೆ ಬೇರೆ ಯಾರೂ ಸಿಗಲಿಲ್ವಾ?"

"ನಿನ್ನ ಗಂಡನ್ನ ಕೇಳಿದ್ರಂತೆ. ಹಲಗೆ ತಡೆಯಲ್ಲ ಅಂತ ಬಿಟ್ರು."

"ತಮಾಷೆ ಸಾಕು. ಡಾಕ್ಟರು ಏನಂದಿದಾರೆ ನೆನಪಿದ್ಯಾ?"

"ಶ್ವಾಸಕೋಶದಲ್ಲಿ ಕಲ್ಲಿನ ಪುಡಿ ಇದೆ ಅಂದಿದಾರೆ. ಇಷ್ಟು ವರ್ಷ ಕಲ್ಲಿನ ಮೇಲೆ ಮಲಗಿದೋನಿಗೆ ಇನ್ನೇನು, ಸಕ್ಕರೆ ಪುಡಿ ಇರುತ್ತಾ?"

ಅವನ ನಗು ಕೆಮ್ಮಿಗೆ ತಿರುಗಿತು. ಕೆಮ್ಮು ನಿಲ್ಲುವ ತನಕ ಇಬ್ಬರು ಹೆಂಗಸರೂ ಬೇರೆ ಕಡೆ ನೋಡಿದರು.

ಅರ್ಲೆಟ್‌ಗೆ ಸಿಡೊನಿ ಸಮಾಧಾನ ಹೇಳಿದಳು. ಮರುಸೃಷ್ಟಿಯಲ್ಲಿ ಮುಖ ಕಾಣುವುದಿಲ್ಲ. ಬೆನ್ನು, ಕೈ, ಕಲ್ಲು, ಅಷ್ಟೆ. ಮೂಲೆಯಲ್ಲಿ 'ಮರುಸೃಷ್ಟಿ' ಎಂಬ ಅಕ್ಷರ ಬರುತ್ತದೆ. ಕಲ್ಲು ಒಡೆಯುವ ಕ್ಷಣವನ್ನು ತೋರಿಸುವುದಿಲ್ಲ; ಅದಕ್ಕೆ ಮೊದಲೇ ಚಿತ್ರ ಹೊರಗಿನ ಹೊಳೆಗೆ ಜಿಗಿಯುತ್ತದೆ. ಆ ಸಾವು ಹೇಗಾಯಿತೆಂದು ಸಂದರ್ಶನದಲ್ಲಿ ಗಾಸ್ಪಾರನೇ ಹೇಳಿದ್ದ. ಆ ತುಣುಕು ಅವಳ ಹಾಳೆಯ ನಡುಮಧ್ಯದಲ್ಲಿತ್ತು:

'ಕೆಲಸ ಮುಗಿದ ತಕ್ಷಣ ತೊಟ್ಟೀ ನೀರು ಬಿಡಬೇಕು. ಬಿಡದೇ ಇದ್ರೆ ಕಲ್ಲಿನ ಕೆಳಗಿನರ್ಧ ನೀರು ಕುಡಿಯುತ್ತೆ, ಮೇಲಿನರ್ಧ ಒಣಗಿರುತ್ತೆ. ಆಮೇಲೆ ತಿರುಗಿಸಿದ್ರೆ ಒಂದು ಕಡೆ ಭಾರ. ರಾತ್ರಿ ಹೆಪ್ಪುಗಟ್ಟೋ ಚಳಿ ಬಿದ್ರಂತೂ ಕುಡಿದ ನೀರು ಒಳಗೇ ಹೆಪ್ಪುಗಟ್ಟಿ ಕಲ್ಲನ್ನ ಸೀಳುತ್ತೆ. ಮೇಲಿಂದ ನೋಡಿದ್ರೆ ಏನೂ ಕಾಣಲ್ಲ. ನೀರಲ್ಲಿ ಮಲಗಿದ ಕಲ್ಲನ್ನ ಎಬ್ಬಿಸಬಾರದು. ಅದಕ್ಕೇ ಹತ್ತೋಕೆ ಮುಂಚೆ ಕೊಡತೀಲಿ ತಟ್ಟಿ ಸದ್ದು ಕೇಳೋದು. ಅಪ್ಪ ಅವತ್ತು ತಟ್ಟಲಿಲ್ಲ. ಅವಸರದಲ್ಲಿದ್ದ. ನೇರ ಹೋಗಿ ಮಲಗಿಬಿಟ್ಟ.'

ಆ ಕೊನೆಯ ಮೂರು ವಾಕ್ಯಗಳ ಎದುರಿಗೆ, ಎಡಗಡೆ, ಅವಳು ಬರೆದಿದ್ದಳು: 'ಮರುಸೃಷ್ಟಿ. ಅವನು ಒಳಗೆ ಬರುತ್ತಾನೆ. ಕಲ್ಲನ್ನು ತಟ್ಟುವುದಿಲ್ಲ. ಹಲಗೆಯ ಮೇಲೆ ಮಲಗುತ್ತಾನೆ. ಕಲ್ಲು ತಿರುಗುತ್ತದೆ.'

ಅದಾದ ಮೇಲಿನ ಸಾಲು ಗಾಸ್ಪಾರನದು. ಈ ಚಿತ್ರಕ್ಕೆ ಅವನು ಒಪ್ಪಿದ್ದೇ ಅದಕ್ಕಾಗಿ. ಶಾಲೆಯ ಅಟ್ಟದಲ್ಲಿ ಸಿಕ್ಕಿದ ಹಳೆಯ ರೀಲಿನಲ್ಲಿ, ಯಾರೋ ಮೇಷ್ಟ್ರು ತೆಗೆದದ್ದು, ಸಾಲಾಗಿ ಮಲಗಿದ ಸಾಣೆಗಾರರು ಇದ್ದರು. ಬೆನ್ನುಗಳಿದ್ದವು, ಟೋಪಿಗಳಿದ್ದವು, ನಾಯಿಗಳಿದ್ದವು, ಕೈಗಳು ಇರಲಿಲ್ಲ. ಅಲಗು ಕಲ್ಲಿಗೆ ತಾಗುವ ಕೋನ, ಹೆಬ್ಬೆರಳು ಸರಿಯುವ ಬಗೆ, ಎಲ್ಲಿ ಒತ್ತಬೇಕು, ಎಲ್ಲಿ ಬಿಡಬೇಕು, ಒಂದನ್ನೂ ಯಾವ ಕ್ಯಾಮೆರಾವೂ ಹಿಡಿದಿರಲಿಲ್ಲ. ಆ ಸಾಲಿಗೆ ಸಿಡೊನಿ ಇಟ್ಟ ಹೆಸರು 'ಕೆಲಸ, ಪೂರ್ತಿಯಾಗಿ'. ಒಂದು ಒರಟು ಅಲಗು ಮೊದಲಿನಿಂದ ಕೊನೆಯವರೆಗೆ ಚಾಕುವಾಗುವುದು, ನಡುವೆ ಕತ್ತರಿಯಿಲ್ಲದೆ.

"ನನಗೆ ಅಷ್ಟು ಸಾಕು. ಹೆಸರು ಗಿಸರು ಬೇಡ. ಕೈ ಹೆಂಗಿತ್ತು ಅಂತ ಎಲ್ಲಾದ್ರೂ ಒಂದು ಕಡೆ ಉಳೀಲಿ," ಎಂದಿದ್ದ ಗಾಸ್ಪಾರ್.

ಕೊನೆಯ ಸಾಲಿನಲ್ಲಿ ತಿರುಗದ ಕಲ್ಲು. ತುಂಬಿದ ತೊಟ್ಟಿಯಲ್ಲಿ ಅದರ ಅರ್ಧ ಮುಳುಗಿದೆ, ನೀರಿನಲ್ಲಿ ಅದರ ಪ್ರತಿಬಿಂಬ. ಈ ದೃಶ್ಯ ಅವಳಿಗೆ ಹೊಳೆದದ್ದು ಅವನ ಮಾತಿನಿಂದಲೇ. ಒಮ್ಮೆ ಮಲಗಿಸಿದರೆ ಕಲ್ಲು ಮುಗಿಯಿತು ಎಂದು ಗೊತ್ತಿದ್ದೇ ಅವನು ಒಪ್ಪಿದ್ದ. ತನ್ನ ಕಲ್ಲನ್ನು ಕೆಲಸವೆಲ್ಲ ಮುಗಿದ ಮೇಲೆ ತಾನೇ ಮಲಗಿಸುವುದು ಅವನಿಗೆ ಸರಿಯೆನಿಸಿತ್ತು.

ಆದರೆ ಅವಳ ಹಾಳೆಯಲ್ಲಿ 'ಕೊನೆ' ಎಂಬುದು ನೋಡುವವನ ಕೊನೆ. ತೆಗೆಯುವವನ ಕೊನೆ ಬೇರೆ ಕಾಗದದಲ್ಲಿ, ಬೇರೆಯವರ ಕೈಯಲ್ಲಿ ತಯಾರಾಗುತ್ತದೆ. ಈ ವೃತ್ತಿಯಲ್ಲಿ ಇದು ಎಷ್ಟು ಸಹಜವೆಂದರೆ ಯಾರೂ ಯಾರಿಗೂ ಹೇಳುವುದಿಲ್ಲ.

•

ಫೆಬ್ರವರಿಯ ಕೊರೆಯುವ ಬೆಳಿಗ್ಗೆ, ಕ್ಲೆರ್ಮೋಂ ನಗರದ ಸಂಕಲನದ ಕೋಣೆಯಲ್ಲಿ ಸಿಡೊನಿ ಒಬ್ಬಳೇ ಕುಳಿತಿದ್ದಳು. ತಂಡ ಹಿಂದಿನ ದಿನ ಮಧ್ಯಾಹ್ನ ತಿಯೇರ್‌ಗೆ ಹೋಗಿತ್ತು. ಚಿತ್ರೀಕರಣ ಇಂದು ಆರಂಭ, ಮೊದಲು ಮರುಸೃಷ್ಟಿ, ನಾಳೆ 'ಕೆಲಸ, ಪೂರ್ತಿಯಾಗಿ' ಎಂದು ಅವಳಿಗೆ ಗೊತ್ತಿತ್ತು. ಆದ್ದರಿಂದ ಗಣಕದಲ್ಲಿ ಆಗಲೇ ಒಂದು ಹೊಸ ತುಣುಕು ಬಂದು ಕೂತಿದ್ದನ್ನು ನೋಡಿ ಅವಳಿಗೆ ಆಶ್ಚರ್ಯವಾಯಿತು. ಹೋಟೆಲಿನಿಂದ ಕಳಿಸಿದ್ದರು. ಜೊತೆಗೆ ನಿರ್ದೇಶಕ ತಿಬೋನ ಒಂದು ಸಾಲು: 'ಸಿಡೊ, ಇದನ್ನು ನೋಡಿ ಅಳು.'

ಅವಳು ತೆರೆದಳು.

ಮುಸ್ಸಂಜೆ. ಮಂಜು ಕಿಟಕಿಯಿಂದ ಒಳಗೆ ಹರಿದು ಬಂದಿದೆ. ತುಂಬಿದ ತೊಟ್ಟಿ, ಅಲುಗದ ನೀರು, ನೀರಿನಲ್ಲಿ ಅರ್ಧ ಮುಳುಗಿದ ಕಲ್ಲು. ಪ್ರತಿಬಿಂಬವೂ ಕಲ್ಲೂ ಸೇರಿ ಒಂದು ಪೂರ್ಣ ವೃತ್ತ. ಅವಳು ಬರೆದದ್ದಕ್ಕಿಂತ ಚೆನ್ನಾಗಿತ್ತು.

ಕಾಫಿಯ ಲೋಟ ಎತ್ತಿದ ಕೈ ಅಲ್ಲೇ ನಿಂತಿತು.

ಅವಳು ತುಣುಕನ್ನು ಹಿಂದಕ್ಕೆ ಓಡಿಸಿ ಮತ್ತೆ ನೋಡಿದಳು. ಅದರ ಬಾಲಕ್ಕೆ ಇನ್ನೊಂದು ಅಂಟಿಕೊಂಡಿತ್ತು. ಅದೇ ಕೋನ, ಆದರೆ ಬೆಳಗಿನ ಬೆಳಕು. ಕ್ಯಾಮೆರಾ ಕದಲಿಸದೆ ರಾತ್ರಿ ಅಲ್ಲೇ ಬಿಟ್ಟು ಬೆಳಿಗ್ಗೆ ಮತ್ತೊಮ್ಮೆ ತೆಗೆದಿದ್ದರು. ತೊಟ್ಟಿ ಇನ್ನೂ ತುಂಬಿತ್ತು. ನೀರಿನ ಅಂಚಿನಲ್ಲಿ, ಕಲ್ಲಿನ ಸುತ್ತ, ಬಿಳಿಯ ಮಂಜುಗಡ್ಡೆಯ ಬಳೆ.

ಕಲ್ಲು ರಾತ್ರಿಯಿಡೀ ನೀರಿನಲ್ಲಿ ಮಲಗಿತ್ತು. ಹೆಪ್ಪುಗಟ್ಟಿಸುವ ಚಳಿ ಬಿದ್ದಿತ್ತು. ಇವತ್ತು ಅದರ ಮೇಲೆ ಗಾಸ್ಪಾರ್ ಮಲಗಲಿದ್ದ.

ಅವನು ತಟ್ಟಿ ನೋಡುತ್ತಾನೆ ಎಂದುಕೊಂಡಳು. ಪ್ರತಿ ದಿನ ತಟ್ಟುತ್ತಾನಲ್ಲ. ತಟ್ಟಿದರೆ ಗೊತ್ತಾಗುತ್ತದೆ.

ಆಗ ಅವಳ ಕಣ್ಣು ತನ್ನದೇ ಹಾಳೆಯ ಮೇಲೆ ಬಿತ್ತು. 'ಕಲ್ಲನ್ನು ತಟ್ಟುವುದಿಲ್ಲ.'

ತಿಬೋನ ಫೋನು ಸಿಗಲಿಲ್ಲ. ಧ್ವನಿಗ್ರಾಹಕ ನಯಿಮ್‌ನ ಫೋನೂ ಸಿಗಲಿಲ್ಲ. ಕಮರಿಯ ತಳದಲ್ಲಿ ಯಾವ ಫೋನೂ ಸಿಗುವುದಿಲ್ಲ. ಆ ನೆಮ್ಮದಿಯನ್ನು ಹಿಂದೊಮ್ಮೆ ಅವಳೇ ಹೊಗಳಿದ್ದಳು. ಕೊನೆಗೆ ದೊಜೊಲ್ಮ್‌ರ ಮನೆಯ ತಂತಿ ಫೋನಿಗೆ ಕರೆಮಾಡಿದಳು. ಅದು ಬಹಳ ಹೊತ್ತು ಬಡಿದುಕೊಂಡಿತು.

"ಯಾರು?" ಎಂದಳು ಅರ್ಲೆಟ್. ಹಿಂದೆ ನಲ್ಲಿಯ ಸದ್ದು.

"ನಾನು ಸಿಡೊನಿ. ನಿಮ್ಮಪ್ಪ ಮನೇಲಿದಾರಾ?"

"ಆಗ್ಲೇ ಹೋದ್ರು. ಮದುವೆಗೆ ಹೊರಟೋರ ಥರ ಗಡ್ಡ ಬೋಳಿಸ್ಕೊಂಡು. ಮುಖ ಕಾಣಲ್ವಂತಲ್ಲ, ಅಂದೆ. ಕಲ್ಲಿಗೆ ಕಾಣುತ್ತಲ್ಲ, ಅಂತಾರೆ."

"ಅರ್ಲೆಟ್, ಕೇಳಿ. ರಾತ್ರಿ ತೊಟ್ಟೀಲಿ ನೀರಿತ್ತು."

ನಲ್ಲಿ ನಿಂತಿತು.

"ಏನಂದ್ರಿ?"

"ಚಿತ್ರಕ್ಕೋಸ್ಕರ ತುಂಬಿಸಿದ್ರು. ಬೆಳಿಗ್ಗೆವರೆಗೂ ಬಿಟ್ಟಿಲ್ಲ. ಅವರಿಗೆ ಗೊತ್ತಿಲ್ಲ. ಮತ್ತೆ, ತಟ್ಟಬಾರದು ಅಂತ ನಾನೇ ಬರೆದಿದೀನಿ."

ಫೋನು ಮೇಜಿಗೆ ಬಡಿದ ಸದ್ದು, ಬಾಗಿಲು ತೆರೆದ ಸದ್ದು, ಆಮೇಲೆ ಬರಿಯ ಖಾಲಿ ಅಡುಗೆಮನೆ.

ಸಿಡೊನಿ ಕಾರಿನ ಕೀಲಿಗೆ ಕೈ ಹಾಕಿದಳು.

•

ಕ್ಲೆರ್ಮೋಂನಿಂದ ತಿಯೇರ್‌ಗೆ ಹೆದ್ದಾರಿಯ ದಾರಿ ದೂರವೇನಲ್ಲ. ಆದರೆ ಮನೆಯಿಂದ ಕಮರಿಗೆ ಇಳಿಯುವ ಮೆಟ್ಟಿಲುಗಳ ಮೇಲೆ ಮಂಡಿನೋವಿನ ಹೆಂಗಸೊಬ್ಬಳು ಓಡುತ್ತಿದ್ದಾಳೆಂದು ಗೊತ್ತಿರುವಾಗ ಯಾವ ದಾರಿಯೂ ಹತ್ತಿರವಲ್ಲ. ಲಾರಿಗಳ ಹಿಂದೆ ಸಿಲುಕಿದಾಗಲೆಲ್ಲ ಅವಳ ತಲೆಯಲ್ಲಿ ತನ್ನ ವಾಕ್ಯವೇ ಸುತ್ತುತ್ತಿತ್ತು. ಅವನು ಒಳಗೆ ಬರುತ್ತಾನೆ. ತಟ್ಟುವುದಿಲ್ಲ. ಮಲಗುತ್ತಾನೆ.

ಗಾಸ್ಪಾರನ ಷರತ್ತನ್ನು ಅವಳು ಅಡುಗೆಮನೆಯಲ್ಲಿ ಕೇಳಿದ್ದಳು, ಅಡುಗೆಮನೆಯಲ್ಲೇ ಬಿಟ್ಟು ಬಂದಿದ್ದಳು. ರೂಪುರೇಷೆಯಲ್ಲಿ ದೃಶ್ಯದ ಜಾಗ ಬರೆದಿದ್ದಳು, ಜಾಗದ ಕಾರಣ ಬರೆದಿರಲಿಲ್ಲ. ಚಿತ್ರೀಕರಣದ ಪಟ್ಟಿ ಮಾಡುವವರು ರೂಪುರೇಷೆಯನ್ನು ಬಿಚ್ಚಿ, ಒಂದೇ ಬೆಳಕಿನ, ಒಂದೇ ಜಾಗದ ದೃಶ್ಯಗಳನ್ನು ಒಟ್ಟುಗೂಡಿಸುತ್ತಾರೆ. ಮುಂದಿನ ದಿನಗಳಲ್ಲಿ ಹಿಮಪಾತದ ಮುನ್ಸೂಚನೆ ಇತ್ತು. ಮಂಜು ಕವಿದ ಸಂಜೆ ಸಿಕ್ಕಿದ್ದು ಅದೊಂದೇ; ಆಗ ಗಾಸ್ಪಾರ್ ಸಾಣೆಮನೆಯಲ್ಲಿ ಇದ್ದಿರಲಿಕ್ಕಿಲ್ಲ. ಅವಳು ತಿಬೋನ ಜಾಗದಲ್ಲಿದ್ದರೂ ಅದನ್ನೇ ಮಾಡುತ್ತಿದ್ದಳು. ಆ ಯೋಚನೆ ಅವಳಿಗೆ ಯಾವ ಸಮಾಧಾನವನ್ನೂ ಕೊಡಲಿಲ್ಲ.

ಗಾಸ್ಪಾರ್ ಕಲ್ಲನ್ನು ಕಂಡೇ ತಿಳಿಯಬಹುದಲ್ಲ? ಇಲ್ಲ. ತಿಬೋನನ್ನು ಅವಳು ಬಲ್ಲಳು. ಕಲ್ಲಿನ ಅರ್ಧ ಮಾತ್ರ ಒದ್ದೆಯಾಗಿದ್ದರೆ ಚಿತ್ರದಲ್ಲಿ ಕಲೆಯಂತೆ ಕಾಣುತ್ತದೆಂದು ಅವನು ಇಡೀ ಕಲ್ಲಿಗೆ ನೀರು ಎರಚಿಸಿರುತ್ತಾನೆ.

ಕಮರಿಯ ಮೇಲೆ ಕಾರು ನಿಲ್ಲಿಸಿ ಅವಳು ಕಾಲುದಾರಿಗೆ ಇಳಿದಳು. ಸಾಣೆಮನೆಯ ಕಲ್ಲು ತಿರುಗುತ್ತಿದ್ದರೆ ಆ ತಿರುವಿನಲ್ಲೇ ಅದರ ಗುಡುಗು ಕಾಲಿಗೆ ತಾಗುತ್ತಿತ್ತು. ಅವಳು ನಿಂತು ಆಲಿಸಿದಳು. ಹೊಳೆಯ ಸದ್ದು ಮಾತ್ರ ಇತ್ತು.

ಕಲ್ಲು ನಿಂತಿತ್ತು. ಯಾರಾದರೂ ನಿಲ್ಲಿಸಿದರೂ ನಿಲ್ಲುತ್ತದೆ, ಒಡೆದರೂ ನಿಲ್ಲುತ್ತದೆ.

ಅವಳು ಜಾರುತ್ತ, ಬೇಲಿಯ ಗೂಟಗಳನ್ನು ಹಿಡಿಯುತ್ತ ಇಳಿದಳು. ಸಾಣೆಮನೆಯ ಪಕ್ಕದ ಕಾಲುವೆಯ ಕಟ್ಟೆಯ ಮೇಲೆ, ತೂಬಿನ ಹಲಗೆಗೆ ಆತುಕೊಂಡು ಅರ್ಲೆಟ್ ಕುಳಿತಿದ್ದಳು. ಒಂದು ಕಾಲಿನಲ್ಲಿ ಮನೆಯ ಚಪ್ಪಲಿ, ಇನ್ನೊಂದು ಬರಿಗಾಲು. ಮಂಡಿಯಿಂದ ರಕ್ತ ಇಳಿದು ಒಣಗುತ್ತಿತ್ತು.

"ಅರ್ಲೆಟ್."

ಅವಳು ತಲೆ ಎತ್ತಲಿಲ್ಲ.

"ಅರ್ಲೆಟ್, ಅವರು…"

"ಒಳಗಿದಾರೆ. ಇದಾರೆ." ಅವಳ ಹಲ್ಲುಗಳು ಕಟಕಟನೆ ಬಡಿಯುತ್ತಿದ್ದವು. "ಕೂಗಲಿಲ್ಲ ನಾನು. ಕೂಗಿದ್ರೆ ತಲೆ ತಿರುಗಿಸ್ತಾರೆ, ಕೈ ಜಾರುತ್ತೆ. ನೇರ ಬಂದು ತೂಬು ಇಳಿಸ್ದೆ. ಅವ್ವ ಹೇಳ್ಕೊಟ್ಟಿದ್ದು. ಕೂಗೋದಕ್ಕಿಂತ ಮುಂಚೆ ತೂಬು."

•

ಒಳಗೆ ದೀಪಗಳು ಉರಿಯುತ್ತಿದ್ದವು. ಗಾಸ್ಪಾರ್ ಹಲಗೆಯ ಅಂಚಿನಲ್ಲಿ ಕುಳಿತಿದ್ದ, ಕೈಯಲ್ಲಿ ಒಂದು ಒರಟು ಅಲಗು. ಅದರ ಒಂದು ಬದಿ ಮಾತ್ರ ಹೊಳೆಯುತ್ತಿತ್ತು. ನಯಿಮ್ ಮೂಲೆಯಲ್ಲಿ ಮೈಕು ಹಿಡಿದು ನಿಂತಿದ್ದ, ತಿಬೋ ಗೋಡೆಗೆ ಒರಗಿದ್ದ. ಅವನ ಮುಖ ಸುಣ್ಣದಂತಿತ್ತು.

"ನೀನು ಬಂದೇ ಬರ್ತೀಯ ಅಂತ ಕಾದೆ. ಇನ್ನೂ ತಟ್ಟಿಲ್ಲ," ಎಂದ ಗಾಸ್ಪಾರ್.

ಅವನು ಎದ್ದು, ಗೋಡೆಗೆ ನೇತು ಹಾಕಿದ್ದ ಮರದ ಕೊಡತಿಯನ್ನು ಇಳಿಸಿಕೊಂಡು, ಕಲ್ಲಿನ ಮೇಲ್ಭಾಗಕ್ಕೆ ಮೆಲ್ಲನೆ ತಟ್ಟಿದ. ಗಂಟೆಯಂಥ ನಾದ ಹೊರಟಿತು. ಅಂಗೈಯಿಂದ ಕಲ್ಲನ್ನು ಒಂದಿಷ್ಟು ಸರಿಸಿ ಮತ್ತೆ ತಟ್ಟಿದ, ಅದೇ ನಾದ. ಇನ್ನೊಂದಿಷ್ಟು ಸರಿಸಿದ. ರಾತ್ರಿ ನೀರಿನಲ್ಲಿದ್ದ ಭಾಗ ಮೇಲೆ ಬಂತು. ಕೊಡತಿ ಅದರ ಮೇಲೆ ಬಿತ್ತು.

ಅದು ನಾದವಲ್ಲ. ಹಸಿ ಮಣ್ಣಿನ ಮಡಕೆಗೆ ಹೊಡೆದ ಹಾಗೆ, ಒಂದು ಸತ್ತ ಸದ್ದು.

ಗಾಸ್ಪಾರ್ ಕಿವಿಯನ್ನು ಕಲ್ಲಿಗೆ ಹಚ್ಚಿ ಮತ್ತೊಮ್ಮೆ ತಟ್ಟಿದ. ಆಮೇಲೆ ಕೊಡತಿಯನ್ನು ಅದರ ಮೊಳೆಗೇ ನೇತು ಹಾಕಿದ.

"ನೀನು ಕೊನೇದು ಅಂದಿದ್ದೆ," ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಸಿಡೊನಿಗೆ ನಿಲ್ಲುವುದು ಸುಲಭವಾಗುತ್ತಿತ್ತು.

"ನೋಡೋರಿಗೆ ಕೊನೇದು, ಮೊಸ್ಯೊ ದೊಜೊಲ್ಮ್. ತೆಗೆಯೋದು ಯಾವಾಗ ಬೇಕಾದ್ರೂ ಆಗಬಹುದು. ನಮ್ಮಲ್ಲಿ ಹಂಗೇ. ನಿಮಗೆ ಅದು ಗೊತ್ತಿರಲ್ಲ ಅಂತ ನನಗೆ ಹೊಳೀಲಿಲ್ಲ."

"ನನಗೆ ಹೇಳಿದ್ರೆ ಮುಟ್ತಿರಲಿಲ್ಲ," ಎಂದ ತಿಬೋ. "ಕಾಗದದಲ್ಲಿ ಏನಿತ್ತು? ತಿರುಗದ ಕಲ್ಲು, ತುಂಬಿದ ತೊಟ್ಟಿ. ಅಷ್ಟೇ. ಬೆಳಿಗ್ಗೆ ನೀರನ್ನೂ ಬಿಟ್ಟೆನಲ್ಲ."

"ಕಲ್ಲಿನ ಹೊಟ್ಟೇಲಿದ್ದ ನೀರು ಬಿಟ್ರಾ?" ಎಂದಳು ಬಾಗಿಲಲ್ಲಿ ನಿಂತ ಅರ್ಲೆಟ್. "ನಮ್ಮಜ್ಜನ್ನ ಈ ನೆಲದಿಂದಲೇ ಬಳಿದು ಒಯ್ದಿದ್ದು. ಅದನ್ನೂ ಕಾಗದದಲ್ಲಿ ಬರೆದಿದ್ರಲ್ಲ ಇವರು. ಅದನ್ನ ಓದಿದ್ರಾ?"

"ಓದಿದ್ದೆ," ಎಂದ ತಿಬೋ. "ಬೇರೆ ಪುಟದಲ್ಲಿತ್ತು."

ಆಮೇಲೆ ಸಿಡೊನಿಯೇ ಕೇಳಿದಳು, ಕೇಳಲೇಬೇಕಾಗಿದ್ದ ಮಾತು.

"ಒಣಗಿಸಿದ್ರೆ? ತಿಂಗಳುಗಟ್ಟಲೆ ಆದ್ರೂ ಸರಿ. ನಾವು ಬೇಸಿಗೇಲಿ ಬರ್ತೀವಿ."

"ಬಿರುಕು ಒಣಗಲ್ಲ, ಮಗು."

"ಬೇರೆ ಕಲ್ಲು?"

"ಗಣಿ ಮುಚ್ಚಿ ಎಷ್ಟು ಕಾಲವಾಯ್ತು. ಕಾರ್ಖಾನೆ ಚಕ್ರದ ಮೇಲೆ ಮಲಗು ಅಂದ್ರೆ ಮಲಗಬಹುದು. ಆದ್ರೆ ಕೈ ಹಂಗೆ ಹೋಗಲ್ಲ. ಅದು ಈ ಕಲ್ಲಿನ ಕೈ." ಅವನು ತನ್ನ ಅಂಗೈಗಳನ್ನು ನೋಡಿಕೊಂಡ, ಬೇರೆ ಯಾರದೋ ಎಂಬಂತೆ. "ನಿನ್ನ ಆ ಸಾಲು ಹೋಯ್ತು. ಪೂರ್ತಿಯಾಗಿ ಅಂತ ಇತ್ತಲ್ಲ, ಅದು."

ಇಷ್ಟು ಹೇಳಿ ಅವನು ಮೂಲೆಯಲ್ಲಿದ್ದ ಕಬ್ಬಿಣದ ಸುತ್ತಿಗೆಯನ್ನು ಕಣ್ಣಿನಲ್ಲೇ ತೋರಿಸಿದ. ಮಲಗಿದ ಕಲ್ಲನ್ನು ಆ ದಿನವೇ ಒಡೆಯಬೇಕು. ಇಲ್ಲದಿದ್ದರೆ ನಾಳೆ ಇನ್ಯಾರೋ ತಿಳಿಯದೆ ಅದರ ಮೇಲೆ ಮಲಗುತ್ತಾರೆ. ಮಲಗುವವರು ಯಾರೂ ಉಳಿದಿಲ್ಲ ಎಂಬುದರಿಂದ ಆ ನೇಮ ಬದಲಾಗುವುದಿಲ್ಲ ಎಂದು ಅವನ ಮುಖ ಹೇಳುತ್ತಿತ್ತು. ಸುತ್ತಿಗೆ ಎತ್ತಿ ಅವನು ಒಂದು ಪೆಟ್ಟು ಹಾಕಿದ. ಎರಡನೆಯದಕ್ಕೆ ತೋಳು ಎತ್ತುವಷ್ಟರಲ್ಲಿ ಕೆಮ್ಮು ಹಿಡಿಯಿತು. ಅರ್ಲೆಟ್ ಅವನ ಸೊಂಟ ಹಿಡಿದು ಹಲಗೆಯ ಮೇಲೆ ಕೂರಿಸಿದಳು. ಕರವಸ್ತ್ರಕ್ಕೆ ಉಗುಳಿ, ನೋಡದೆ ಮಡಚಿ, ಅವನು ಸುತ್ತಿಗೆಯ ಹಿಡಿಯನ್ನು ತಿಬೋನತ್ತ ಚಾಚಿದ.

"ನೀನು ಮಲಗಿಸಿದ್ದು. ನೀನೇ ಒಡಿ."

ತಿಬೋ ಕ್ಯಾಮೆರಾದ ಕಡೆ ನೋಡಿದ. ಅದು ಅವನ ಅಭ್ಯಾಸ, ಬೇಕೆಂದು ನೋಡಿದ್ದಲ್ಲ. ಕೊನೆಯ ಸಾಣೆಗಾರನ ಕಣ್ಣೆದುರು ಕೊನೆಯ ಕಲ್ಲು ಒಡೆಯುವ ಚಿತ್ರ: ಮರುಸೃಷ್ಟಿಯಲ್ಲ, ದಾಖಲೆಯಲ್ಲ, ಎದುರಿಗೇ ನಡೆಯುವುದು. ಅಂಥದ್ದು ವೃತ್ತಿಯಲ್ಲಿ ಒಮ್ಮೆ ಸಿಕ್ಕರೆ ಹೆಚ್ಚು. ಸಿಡೊನಿಗೂ ಅದು ಗೊತ್ತಿತ್ತು. ಅವನು ಏನನ್ನು ಎಣಿಸುತ್ತಿದ್ದಾನೆಂದೂ ಗೊತ್ತಿತ್ತು, ಏಕೆಂದರೆ ತಾನೂ ಅದನ್ನೇ ಎಣಿಸುತ್ತಿದ್ದಳು.

"ಸುತ್ತಿಗೆ ಹಿಡಿಯೋಕೆ ಎರಡೂ ಕೈ ಬೇಕು, ತಿಬೋ," ಎಂದಳು.

ಅವನು ಕ್ಯಾಮೆರಾ ಆರಿಸಿ, ಮೇಲಂಗಿ ಕಳಚಿ, ಒಡೆಯಲು ಶುರುಮಾಡಿದ. ಕಲ್ಲು ಬೇಗ ಸೀಳಲಿಲ್ಲ. ಒಡೆದಾಗ ಮಾತ್ರ ಹಿಮ ಬರೆದಿಟ್ಟ ಗೆರೆಯುದ್ದಕ್ಕೇ ಒಡೆಯಿತು. ಆ ಗೆರೆ ಅಡ್ಡಡ್ಡ, ಕಲ್ಲಿನ ನಡುಗುಂಡಿಯ ತನಕ ಹೋಗಿತ್ತು. ಕಲ್ಲಿನ ಪೂರ್ತಿ ವೇಗದಲ್ಲಿ ಅದು ಎಷ್ಟು ಸುತ್ತು ತಾಳುತ್ತಿತ್ತೋ ಯಾರೂ ಬಾಯಿ ಬಿಟ್ಟು ಲೆಕ್ಕ ಹಾಕಲಿಲ್ಲ. ತುಂಡುಗಳನ್ನು ಮಿಕ್ಕ ನಾಲ್ಕೂ ಜನ ಕಿಟಕಿಯಿಂದ ಹೊಳೆಗೆ ತಳ್ಳಿದರು. ಹೊಳೆಯ ತಳದಲ್ಲಿ ಅಂಥ ತುಂಡುಗಳು ಮೊದಲೇ ಬೇಕಾದಷ್ಟಿದ್ದವು.

•

"ಈಗ ಅಲ್ಲಿ ಏನು ಬರೀತೀಯ?" ಎಂದು ಗಾಸ್ಪಾರ್ ಕೇಳಿದ.

ಸಿಡೊನಿ ಹಾಳೆಗಳನ್ನು ಮೊಣಕಾಲ ಮೇಲೆ ಹರಡಿಕೊಂಡಿದ್ದಳು. 'ಕೆಲಸ, ಪೂರ್ತಿಯಾಗಿ' ಸಾಲಿನ ಎಡಗಡೆಯ ಚಿತ್ರವನ್ನು ಹೊಡೆದು ಹಾಕಿ, ಕೆಳಗಿನ ಕೊನೆಯ ದೃಶ್ಯದ ಎದುರಿಗೆ ಒಂದು ನಿರೂಪಣೆ ಬರೆದಿದ್ದಳು. ಓದಿದಳು:

'ಈ ಚಿತ್ರ ತೆಗೆದ ರಾತ್ರಿ ಈ ಕಲ್ಲು ಒಳಗೇ ಸೀಳಿತು. ಇದನ್ನು ನೀರಿನಲ್ಲಿ ಮಲಗಿಸಿದವರು ಈ ಚಿತ್ರ ಮಾಡಿದ ನಾವು.'

"ಚಾನೆಲ್‌ನೋರು ಇದನ್ನ ಕಿತ್ತು ಹಾಕ್ತಾರೆ," ಎಂದ ತಿಬೋ. ಅವನ ಅಂಗೈಯಲ್ಲಿ ಬೊಕ್ಕೆ ಎದ್ದಿತ್ತು.

"ಕಿತ್ತರೆ ನನ್ನ ಹೆಸರನ್ನೂ ಕೀಳ್ಲಿ."

"ಸಾಲದು," ಎಂದ ಗಾಸ್ಪಾರ್.

"ಇನ್ನೇನು ಬರೀಲಿ ಹೇಳಿ."

"ನಾನು ತಟ್ಟಲಿಲ್ಲ ಅಂತ ಬರಿ. ಹೋಗಿ ಮಲಗೋವಾಗ ಕೈ ಕೊಡತಿ ಕಡೆ ಹೋಯ್ತು. ಇವರು ಬೇಡ ಅಂದಿದಾರಲ್ಲ ಅಂತ ಹಿಂದಕ್ಕೆ ತಗೊಂಡೆ. ಇವತ್ತು ಬರೀ ಆಟ ತಾನೆ ಅಂದ್ಕೊಂಡೆ. ಕಲ್ಲಿಗೆ ಆಟ ಯಾವುದು, ಕೆಲಸ ಯಾವುದು ಅಂತ ಗೊತ್ತಾಗುತ್ತಾ? ನಮ್ಮಪ್ಪ ಅವಸರಕ್ಕೆ ತಟ್ಟಲಿಲ್ಲ. ನಾನು ಕ್ಯಾಮೆರಾಕ್ಕೋಸ್ಕರ ತಟ್ಟಲಿಲ್ಲ. ಅದನ್ನೂ ಹಾಕು."

"ಅಪ್ಪ, ಸಾಕು," ಎಂದಳು ಅರ್ಲೆಟ್.

"ಹಾಕ್ಲಿ ಬಿಡೇ."

ಅವಳು ಹಾಕಿದಳು. ಅಷ್ಟರಲ್ಲಿ ನಯಿಮ್ ತನ್ನ ಮೈಕನ್ನು ಹಲಗೆಯ ಬಳಿ ತಂದ.

"ಚಿತ್ರ ಹೋಯ್ತು. ಧ್ವನಿ ಇದೆಯಲ್ಲ," ಎಂದ. "ನೀವು ಹೇಳಿ. ಕೈ ಹೇಗೆ ಹೋಗುತ್ತೆ ಅಂತ, ಮೊದಲಿಂದ. ಆ ಸಾಲಿನಲ್ಲಿ ತೆರೆ ಕಪ್ಪಾಗಿರಲಿ, ಮಾತು ಮಾತ್ರ ಕೇಳ್ಲಿ."

ಗಾಸ್ಪಾರ್ ಯೋಚಿಸಿದ. ನಂತರ ಬರಿಯ ಹಲಗೆಯ ಮೇಲೆ ಹೊಟ್ಟೆ ಊರಿ ಮಲಗಿದ. ಮಲಗದೆ ಅವನಿಗೆ ಹೇಳಲು ಬರುತ್ತಿರಲಿಲ್ಲ. ಕೆಳಗೆ ಕಲ್ಲಿದ್ದ ಜಾಗದಲ್ಲಿ ಖಾಲಿ ತೊಟ್ಟಿ. ಅರೆಹೊಳಪಿನ ಅಲಗನ್ನು ಅವನು ಗಾಳಿಯಲ್ಲಿ ಹಿಡಿದ.

"ಮೊದಲು ತಟ್ಟಬೇಕು," ಎಂದ. "ಆಮೇಲೆ ಮಲಗಬೇಕು. ಅಲಗಿನ ಬೆನ್ನು ನಿನ್ನ ಕಡೆ. ಎಡಗೈ ಮೇಲೆ. ಹೆಬ್ಬೆರಳು ಇಲ್ಲಿ… ಇಲ್ಲಿ ಅಲ್ಲ, ಇನ್ನೂ ಸ್ವಲ್ಪ… ಅದು ಕಲ್ಲು ತಾಗಿದಾಗ ಗೊತ್ತಾಗುತ್ತೆ. ಕಲ್ಲು ಅದನ್ನ ಹಿಂದಕ್ಕೆ ತಳ್ಳುತ್ತೆ. ಎಷ್ಟು ತಳ್ಳುತ್ತೋ ಅಷ್ಟೇ ನೀನು…"

ಅವನ ಕೈಗಳು ಗಾಳಿಯನ್ನು ಒತ್ತಿದವು. ಒತ್ತಿದ್ದಕ್ಕೆ ಎದುರು ಏನೂ ಇರಲಿಲ್ಲ. ಕೈಗಳು ತಪ್ಪಿದವು, ಮತ್ತೆ ಹಿಡಿದವು, ಮತ್ತೆ ತಪ್ಪಿದವು.

"ಅಷ್ಟೇ ನೀನು…" ಎಂದ ಮತ್ತೊಮ್ಮೆ.

ನಯಿಮ್ ಕಾದ. ಸಿಡೊನಿ ಕಾದಳು. ಹೊರಗೆ ತೂಬಿನ ಹಲಗೆಗೆ ನೀರು ಒತ್ತುತ್ತಿತ್ತು.

"ಬರ್ತಿಲ್ಲ," ಎಂದ ಗಾಸ್ಪಾರ್. "ಕಲ್ಲಿಲ್ದೆ ಬರಲ್ಲ."

ಅರ್ಲೆಟ್ ಅವನ ಕೈಯಿಂದ ಅಲಗನ್ನು ಬಿಡಿಸಿಕೊಂಡಳು. ಮುದುಕ ಎದ್ದು ಕುಳಿತು ಮೇಲಂಗಿಯನ್ನು ಹುಡುಕಿದ. ನಯಿಮ್ ಮುದ್ರಿಕೆ ನಿಲ್ಲಿಸಲು ಚಾಚಿದ ಕೈಯನ್ನು ಸಿಡೊನಿ ತಡೆದಳು. ಹೊಳೆಯ ಸದ್ದು ಇನ್ನೂ ಸ್ವಲ್ಪ ಬರಲಿ ಎಂದು ಸನ್ನೆ ಮಾಡಿದಳು. ಆಮೇಲೆ 'ಕೆಲಸ, ಪೂರ್ತಿಯಾಗಿ' ಎಂಬ ಹೆಸರನ್ನು ಹೊಡೆದು ಹಾಕಿ, ಎಡಗಡೆ 'ಕಪ್ಪು' ಎಂದು ಬರೆದಳು. ಬಲಗಡೆ ತುಣುಕಿನ ಮೊದಲ ಪದ ಬರೆದಳು: ಮೊದಲು. ಕೊನೆಯ ಪದ: ಬರಲ್ಲ. ನಡುವೆ ಎಲ್ಲೂ ಕತ್ತರಿ ಹಾಕಕೂಡದೆಂದು ಸೂಚನೆ ಬರೆದು, ಅದರ ಕೆಳಗೆ, ತನ್ನ ವೃತ್ತಿಯಲ್ಲಿ ಮೊದಲ ಬಾರಿಗೆ, ಕಾರಣವನ್ನೂ ಬರೆದಳು.